ಅತ್ತೆಗೆ ‘ಅಮ್ಮ’ ಅಂದ ಮೇಲೆ ‘ಬಾ’ನೋ ‘ಬನ್ನಿ’ನೋ?

ಕಪಿಲೆ ದಂಡೆ
ಈಚೆಗೆ ಮದುವೆಯಾಯ್ತು. ನಮ್ಮದು ನಂಜನಗೂಡು ಕಡೆ, ಗಂಡನ ಮನೆ ಮೈಸೂರಲ್ಲೇ. ಮಾತಿನ ವಿಷಯದಲ್ಲಿ ತೊಂದರೆ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ. ಮೊದಮೊದಲು ‘ಅತ್ತೆ ಬನ್ನಿ’, ‘ಅತ್ತೆ ತಗೊಳ್ಳಿ’ ಅಂತ ಆರಾಮಾಗಿ ನಡೀತಿತ್ತು. ಒಂದಿನ ಅವರೇ ‘ಅತ್ತೆ ಗಿತ್ತೆ ಎಲ್ಲಾ ಬೇಡ ಕಣಮ್ಮ, ಅಮ್ಮ ಅನ್ನು ಸಾಕು’ ಅಂದ್ರು. ಖುಷೀನೇ ಆಯ್ತು. ಅಲ್ಲಿಂದ ಬಾಯಿ ಕಟ್ಟಿಹೋಗಿದೆ ನೋಡಿ.

ನಮ್ಮಮ್ಮನ ಹತ್ರ ನಾನು ಯಾವತ್ತೂ ‘ನೀನು’ ಅಂತಾನೇ ಮಾತಾಡಿರೋದು. ಹಾಗಾಗಿ ‘ಅಮ್ಮ’ ಅಂತ ಬಾಯಿಗೆ ಬಂದ ಕೂಡಲೇ ಅದರ ಹಿಂದೇನೇ ‘ಬಾ’, ‘ತಗೋ’ ಬಂದುಬಿಡುತ್ತೆ. ಹಬ್ಬಕ್ಕೆ ಎಲ್ಲರೂ ಸೇರಿದ್ದಾಗ ‘ಅಮ್ಮ, ಇನ್ನೊಂಚೂರು ಪಲ್ಯ ಹಾಕ್ಕೋ’ ಅಂದುಬಿಟ್ಟೆ. ಮಾವನ ಅಕ್ಕ ಎತ್ತಿದ ಸೌಟನ್ನ ಹಾಗೇ ಹಿಡಿದು ನನ್ನ ಮುಖ ನೋಡಿದ್ರು. ಸರಿ ಅಂತ ಮಾರನೇ ದಿನ ‘ಅಮ್ಮ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ’ ಅಂದ್ರೆ ನಾದಿನಿ ಕಿಸಕ್ ಅಂತ ನಕ್ಕು, ‘ಅತ್ತಿಗೆ, ಬ್ಯಾಂಕ್ ಮ್ಯಾನೇಜರ್ ಹತ್ರ ಮಾತಾಡ್ತಿದ್ದೀರಾ?’ ಅಂದ್ಲು.

ಈಗ ನೀನೂ ಇಲ್ಲ, ನೀವೂ ಇಲ್ಲ. ‘ಊಟ ಆಯ್ತಾ?’, ‘ಕಾಫಿ ಬೇಕಾ?’, ‘ಮಾತ್ರೆ ತಗೊಂಡಾಯ್ತಾ?’ ಇಷ್ಟರಲ್ಲೇ ಸಂಸಾರ ಸಾಗ್ತಿದೆ. ಹೀಗೆ ಎಷ್ಟು ದಿನ ತಳ್ಳೋದು? ನಿಮ್ಮ ಮನೆಗಳಲ್ಲಿ ಹೇಗೆ?

ಕಡ್ಲೆಪುರಿ
‘ಮಾತ್ರೆ ತಗೊಂಡಾಯ್ತಾ’ 😂 ನಮ್ಮನೆ ಸೊಸೆ ಅಕೌಂಟು ಬದಲಾಯಿಸ್ಕೊಂಡು ಬರೆದಂಗಿದೆ.

ಒಂದು ಬೈಟು ಕಾಫಿ
ಇದರಲ್ಲಿ ಕನ್‌ಫ್ಯೂಸ್ ಆಗೋಕೆ ಏನಿದೆ? ದೊಡ್ಡವರಿಗೆ ನೀವು, ಚಿಕ್ಕವರಿಗೆ ನೀನು. ಒಂದನೇ ಕ್ಲಾಸಲ್ಲೇ ಹೇಳಿಕೊಟ್ಟಿದ್ದಾರೆ.

ಮದ್ದೂರು ವಡೆ
@ಒಂದು ಬೈಟು ಕಾಫಿ, ನಿಮ್ಮ ತಾಯಿ ನಿಮಗಿಂತ ಚಿಕ್ಕವರಾ? ಅವರಿಗೆ ಏನಂತೀರಿ?

ಒಂದು ಬೈಟು ಕಾಫಿ
ತಾಯಿ ಬಿಡಿ, ತಾಯಿ ವಿಷಯ ಬೇರೆ.

ಮದ್ದೂರು ವಡೆ
ಅಜ್ಜಿ?

ಒಂದು ಬೈಟು ಕಾಫಿ
ಅಜ್ಜಿಗೂ ನೀನು. ಅಜ್ಜನಿಗೆ ನೀವು. ಸರಿ ಸರಿ, ಅರ್ಥ ಆಯ್ತು.

ಮದ್ದೂರು ವಡೆ
ನಮ್ಮ ಕಡೆ ಹಳ್ಳೀಲಿ ಅವ್ವಂಗೂ ನೀನು, ಅಪ್ಪಂಗೂ ನೀನು, ಅತ್ತೆ ಮಾವಂಗೂ ಎಷ್ಟೋ ಮನೇಲಿ ನೀನು. ‘ಬಾ ಮಾವ, ಕೂತ್ಕೊ ಮಾವ’ ಅಂತಾರೆ, ಯಾರೂ ಸೌಟು ಹಿಡ್ಕೊಂಡು ಗುರಾಯಿಸಲ್ಲ. ಅಲ್ಲಿ ಮರ್ಯಾದೆ ಇರೋದು ‘ಮಾವ’ ಅನ್ನೋದರಲ್ಲಿ, ಕ್ರಿಯಾಪದದಲ್ಲಲ್ಲ. ಬರೀ ‘ಬಾ’ ಅಂದ್ರೆ ಒರಟು, ‘ಬಾ ಮಾವ’ ಅಂದ್ರೆ ಸರಿ. ನಮ್ಮೂರಿನ ಹುಡುಗರು ಬೆಂಗಳೂರಿಗೆ ಬಂದು ಓನರ್ ಅಂಕಲ್‌ಗೆ ‘ಬಾ ಅಂಕಲ್’ ಅಂದು ಬೈಸ್ಕೊಳ್ಳೋದು ಇದಕ್ಕೇ. ಪಾಪ, ಅವನ ಲೆಕ್ಕದಲ್ಲಿ ಅವನು ಮರ್ಯಾದೆ ಕೊಟ್ಟೇ ಮಾತಾಡಿರ್ತಾನೆ.

ಬದ್ನಿಕಾಯಿ ಎಣಗಾಯಿ
ನಾ ಹುಬ್ಬಳ್ಳಿಯಾಂವ, ಹೆಂಡತಿ ಮನಿ ಮಂಡ್ಯ. ನನ್ನ ಕಥಿ ಉಲ್ಟಾ ಅದ. ನಾವು ಊರಾಗ ಮರ್ಯಾದಿ ಕೊಡಬೇಕಂದ್ರ ‘ರೀ’ ಹಚ್ಚತೀವಿ. ಹೌದ್ರಿ, ಇಲ್ರಿ, ಬರ್ರಿ, ಕೂಡ್ರಿ, ನಾಳೇರಿ. ಯಾವ ಶಬ್ದಕ್ಕ ಬೇಕಾದ್ರೂ ಹಚ್ಚಬಹುದು. ಮಾವನವರು ಫೋನ್ ಮಾಡಿದಾಗ ಬಾಳ ಗೌರವದಿಂದ ‘ಹಾಂ, ಏನ್ರೀ, ಆರಾಮ್ರೀ?’ ಅಂದೆ. ಆ ಕಡೆ ಸೈಲೆಂಟ್. ಆಮ್ಯಾಲ ಹೆಂಡತಿ ಹೇಳಿದ್ಲು, ‘ನಮ್ಮ ಕಡೆ ಏನ್ರೀ ಅಂದ್ರೆ ಹೆಂಡತಿ ಗಂಡನ್ನ ಕರೆಯೋದು, ಇಲ್ಲಾ ಬಸ್ಸಲ್ಲಿ ಜಗಳ ಆಡೋರು ಅನ್ನೋದು’ ಅಂತ. ಅವ್ರು ನಾ ಸಿಟ್ಟಿಗೆದ್ದೀನಿ ಅಂತ ತಿಳ್ಕೊಂಡಿದ್ರಂತ!

ಕಡ್ಲೆಪುರಿ
ಇದು ನೂರಕ್ಕೆ ನೂರು ನಿಜ. ಹಳೇ ಮೈಸೂರು ಕಡೆ ‘ಏನ್ರೀ’ ಸಮವಯಸ್ಕರಿಗೆ ಓಕೆ, ದೊಡ್ಡವರಿಗೆ ಸ್ವಲ್ಪ ಉದ್ಧಟತನ. ‘ಹೇಳಿ ಮಾವ’ ಅಂದಿದ್ರೆ ಮುಗೀತಿತ್ತು.

ಬದ್ನಿಕಾಯಿ ಎಣಗಾಯಿ
ಈಗ ಹಂಗ ಅಂತೀನಿ. ಆದ್ರ ‘ಹೇಳಿ’ ಅಂದ್ರ ನನ್ನ ಕಿವಿಗೆ ಟಿವಿ ನ್ಯೂಸ್ ಓದಿದಂಗ ಆಗತದ.

ಹಳೇ ಮೇಷ್ಟ್ರು
ಕಪಿಲೆ ದಂಡೆಯವರ ಪ್ರಶ್ನೆಗೆ ಬರ್ತೀನಿ. ಕಾಲೇಜಲ್ಲಿ ಕನ್ನಡ ಪಾಠ ಮಾಡ್ತಿದ್ದೆ. ಆಡುಮಾತು ಕೇಳಿ ಬರ್ಕೊಳ್ಳೋ ಚಾಳಿ ಇನ್ನೂ ಹೋಗಿಲ್ಲ.

ನೀವು ಹೇಳ್ತಿರೋ ‘ಊಟ ಆಯ್ತಾ’ ದಾರಿ ನೀವೊಬ್ಬರೇ ಕಂಡುಹಿಡಿದದ್ದಲ್ಲ. ಕನ್ನಡದಲ್ಲಿ ಬೇಕು, ಸಾಕು, ಗೊತ್ತು, ಆಯ್ತು ಇವೆಲ್ಲ ಯಾರಿಗೆ ಹೇಳಿದ್ರೂ ಒಂದೇ ಥರ ಇರ್ತವೆ. ‘ಬೇಕಾ?’ ಅಂತ ಮಗೂಗೂ ಕೇಳಬಹುದು, ಮಠದ ಸ್ವಾಮಿಗಳಿಗೂ ಕೇಳಬಹುದು. ‘ನಿನಗೆ’, ‘ನಿಮಗೆ’ ಅನ್ನೋದನ್ನ ನುಂಗಿಕೊಂಡ್ರೆ ಆಯ್ತು. ‘ಮಾಡೋಣ್ವಾ?’ ಕೂಡ ಹಾಗೇ, ತನ್ನನ್ನೂ ಸೇರಿಸ್ಕೊಂಡು ಕೇಳೋದರಿಂದ ಸಿಕ್ಕಿಬೀಳೋ ಭಯ ಇಲ್ಲ. ಹೊಸ ಸೊಸೆಯರು, ಹೊಸ ಅಳಿಯಂದಿರು, ಹಾಸ್ಟೆಲ್ ಬಿಟ್ಟು ಮೊದಲ ಸಲ ಬಾಡಿಗೆ ಮನೆಗೆ ಹೋದ ಹುಡುಗರು ಎಲ್ಲರೂ ಕೆಲವು ಕಾಲ ಇದೇ ಸಂದೀಲಿ ಓಡಾಡ್ತಾರೆ.

ಸಿಕ್ಕಿಬೀಳೋದು ಎಲ್ಲಿ ಅಂದ್ರೆ ಕೆಲಸ ಹೇಳುವಾಗ ಮತ್ತು ಕರೆಯುವಾಗ. ಬಾ–ಬನ್ನಿ, ಕೊಡು–ಕೊಡಿ, ಇಲ್ಲಿ ನಡುವಿನ ದಾರಿ ಇಲ್ಲ. ‘ಯಾವಾಗ ಬಂದೆ?’, ‘ಯಾವಾಗ ಬಂದ್ರಿ?’ ಅನ್ನೋದರಲ್ಲೂ ಇಲ್ಲ. ಸರ್ವನಾಮ ಬಿಟ್ಟರೂ ಕ್ರಿಯಾಪದದ ಬಾಲ ಚಾಡಿ ಹೇಳಿಬಿಡುತ್ತೆ. ಹಾಲು ಉಕ್ಕುವಾಗ ‘ಅಮ್ಮ, ಗ್ಯಾಸ್ ಆಫ್ ಮಾಡು’ ಅಂತೀರೋ ‘ಮಾಡಿ’ ಅಂತೀರೋ, ಅದೇ ನಿಮ್ಮ ನಿಜವಾದ ಲೆಕ್ಕ. ಯೋಚನೆ ಮಾಡೋಕೆ ಅಲ್ಲಿ ಟೈಮಿರಲ್ಲ.

ಇನ್ನೊಂದು ವಿಷಯಾನ ಯಾರೂ ಗಮನಿಸಲ್ಲ. ಎದುರಿಗೆ ಏನಂತೀರಿ ಅನ್ನೋದಕ್ಕಿಂತ ಅವರು ಇಲ್ಲದಾಗ ಏನಂತೀರಿ ಅನ್ನೋದು ಮುಖ್ಯ. ಮಾವನ ಅಕ್ಕ ‘ನಿಮ್ಮತ್ತೆ ಎಲ್ಲಮ್ಮ?’ ಅಂತ ಕೇಳಿದ್ರು ಅನ್ನಿ. ‘ಅಮ್ಮ ದೇವಸ್ಥಾನಕ್ಕೆ ಹೋಗಿದ್ದಾರೆ’ ಅಂದ್ರೆ ಯಾರೂ ತಲೆ ಎತ್ತಲ್ಲ. ‘ಹೋಗಿದ್ದಾಳೆ’ ಅಂದು ನೋಡಿ, ಈಗ ನಗ್ತಿರೋ ನಾದಿನೀನೇ ಬೆಚ್ಚಿಬೀಳ್ತಾಳೆ. ನಿಮ್ಮ ಯಜಮಾನರು ಅದೇ ಮಾತು ಅಂದ್ರೆ ಏನೂ ಆಗಲ್ಲ. ಎದುರಿಗೆ ‘ಬಾಮ್ಮ’ ಅಂದು, ಬೇರೆಯವರ ಹತ್ರ ‘ಅಮ್ಮ ಬಂದ್ರು’ ಅನ್ನೋ ಮನೆಗಳು ಬೇಕಾದಷ್ಟಿವೆ. ಎರಡೂ ಒಂದೇ ಆಗಿರಬೇಕು ಅಂತ ಏನಿಲ್ಲ.

ಹಾಗಾಗಿ ನೀವು ಒಂದು ಸಲ ತೀರ್ಮಾನ ಮಾಡಿ ಸಾಯೋವರೆಗೂ ಅದನ್ನೇ ಹಿಡ್ಕೊಳ್ಳೋ ಅಗತ್ಯ ಇಲ್ಲ. ‘ಅಮ್ಮ, ಬನ್ನಿ ಊಟಕ್ಕೆ’ ಅಂತ ಕರೆದು, ಅವರೇನಾದ್ರೂ ತಮಾಷೆ ಮಾಡಿದಾಗ ‘ಅಯ್ಯೋ ಸುಮ್ನಿರಮ್ಮ’ ಅಂದ್ರೆ ಅದು ಏಕವಚನ ಅಂತ ಯಾರ ಕಿವಿಗೂ ಬಡಿಯಲ್ಲ. ಆ ಥರದ ಸಣ್ಣ ಸಣ್ಣ ಮಾತಲ್ಲೇ ಮೊದಲು ‘ನೀನು’ ಒಳಗೆ ಬರೋದು. ಆದ್ರೆ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ‘ನೀವು ಬಾ’ ಅಂತ ಈಗಿನ ಮಕ್ಕಳು ಅಂತಾರಲ್ಲ, ಅದು ಕೇಳಿದ್ರೆ ಹಲ್ಲಿಗೆ ಮರಳು ಸಿಕ್ಕಂಗಾಗುತ್ತೆ.

ಮಲೆನಾಡ್ ಮಳೆ
‘ನೀವು ಬಾ’ ನನ್ನ ಅಕ್ಕನ ಮಗನೂ ಅಂತಾನೆ. ಬೆಂಗಳೂರಲ್ಲಿ ಇಂಗ್ಲಿಷ್ ಸ್ಕೂಲು. ‘ಅಂಕಲ್‌ಗೆ ನೀವು ಅನ್ನಬೇಕು’ ಅಂತ ಹೇಳಿಕೊಟ್ಟಿದ್ದಾರೆ, ಅವನು ಶ್ರದ್ಧೆಯಿಂದ ‘ನೀವು’ ಸೇರಿಸ್ತಾನೆ. ‘ಬನ್ನಿ’ ಯಾರೂ ಹೇಳಿಕೊಟ್ಟಿಲ್ಲ! ಮನೇಲಿ ಎಲ್ಲರೂ ಅವನಿಗೆ ‘ಬಾ’ ಅಂತಾನೇ ಅನ್ನೋದು, ಅವನಿಗೆ ಬೇರೆ ಎಲ್ಲಿಂದ ಬರಬೇಕು?

ಕೆಂಪು ಹಂಚು
ನಮ್ಮಜ್ಜಿ ಅದಕ್ಕೇ ಮಕ್ಕಳಿಗೂ ‘ಬನ್ನಿ ಪುಟ್ಟಿ, ಹಾಲು ಕುಡೀರಿ’ ಅಂತ ಬಹುವಚನದಲ್ಲೇ ಮಾತಾಡಿಸ್ತಿದ್ರು. ಕಲಿಯೋದು ಕೇಳಿ ತಾನೇ.

ಸತ್ಯವಾದಿ ಕನ್ನಡಿಗ
ಒಂದು ಮಾತು ಹೇಳ್ತೀನಿ, ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮ ಕನ್ನಡದಲ್ಲಿ ಮೂಲತಃ ‘ನೀನು’ ಮಾತ್ರ ಇದ್ದದ್ದು. ‘ನೀವು’ ಅಂತ ಒಬ್ಬರಿಗೆ ಅನ್ನೋದು ಹಿಂದಿ ‘ಆಪ್’ ನೋಡಿ ಶುರುವಾದದ್ದು. ವಚನಕಾರರು ದೇವರಿಗೇ ನೀನು ಅಂದಿದ್ದಾರೆ. ದೇವರಿಗಿಂತ ಅತ್ತೆ ದೊಡ್ಡೋರಾ?

ಹಳೇ ಮೇಷ್ಟ್ರು
ಅರ್ಧ ಸರಿ. ವಚನಗಳಲ್ಲಿ ದೇವರಿಗೆ ನೀನು ಅಂತ ಇದೆ. ಅದೇ ಬಸವಣ್ಣನವರ ವಚನಗಳಲ್ಲಿ ಅದೇ ಕೂಡಲಸಂಗಮದೇವನಿಗೆ ‘ನಿಮ್ಮ ಶರಣರು’ ಅಂತಾನೂ ಇದೆ. ಅದು 12ನೇ ಶತಮಾನ. ಆಗ ನಮ್ಮವರಿಗೆ ‘ಆಪ್’ ಹೇಳಿಕೊಡೋಕೆ ಯಾರು ಬಂದಿದ್ರು? ಒಬ್ಬನೇ ದೇವರಿಗೆ ಎರಡೂ ಸಲ್ಲುತ್ತೆ. ಸಲುಗೆಯಲ್ಲಿ, ಜಗಳದಲ್ಲಿ ನೀನು. ಬೇಡುವಾಗ, ಬಾಗುವಾಗ ಬಹಳ ಕಡೆ ನೀವು. ಕಟ್ಟುನಿಟ್ಟಾದ ನಿಯಮ ಅಂತ ಹೇಳಲಾರೆ, ಆದ್ರೆ ಎರಡೂ ಹಳೆಯವೇ.

ಸತ್ಯವಾದಿ ಕನ್ನಡಿಗ
ನಾನು ಓದಿದ್ದು ಬೇರೆ.

ಕಡ್ಲೆಪುರಿ
ವಾಟ್ಸಾಪಲ್ಲಿ ತಾನೇ?

ಹ್ವಾಯ್ ಕುಂದಾಪ್ರ
ನಮ್ಮ ಕರಾವಳಿಯಲ್ಲಿ ಮೇಷ್ಟ್ರು ಹೇಳಿದ ಸಮಸ್ಯೆಗೆ ಅರ್ಧ ಪರಿಹಾರ ಮೊದಲೇ ಉಂಟು. ‘ಯಾವಾಗ ಬಂದೆ, ಬಂದ್ರಿ’ ಅಂತ ಒದ್ದಾಡುದೇ ಬೇಡ, ‘ಯಾವಾಗ ಬಂದದ್ದು?’, ‘ಎಲ್ಲಿಗೆ ಹೋಗುದು?’ ಅಂತ ಕೇಳುದು. ಅಜ್ಜನಿಗೂ ಅದೇ, ಶಾಲೆ ಮಕ್ಕಳಿಗೂ ಅದೇ. ಕರೀಲಿಕ್ಕೆ ‘ಹ್ವಾಯ್’ ಉಂಟಲ್ಲ. ಸಿಟ್ಟು ಬಂದ್ರೆ ಮಾತ್ರ ‘ಮಾರಾಯ’ ಅನ್ಬೇಕಾ ‘ಮಾರಾಯ್ರೆ’ ಅನ್ಬೇಕಾ ಅಂತ ನೋಡ್ಬೇಕು.

ಮಲೆನಾಡ್ ಮಳೆ
ನಮ್ಮ ಹವ್ಯಕರಲ್ಲಿ ಎಷ್ಟೋ ಕಡೆ ಹೆಂಗಸರ ಬಗ್ಗೆ ಹೇಳುವಾಗ ‘ಅದು ಬಂತು’ ಅಂತಾರೆ. ಅಕ್ಕನಿಗೂ ಅದೇ, ಅಮ್ಮನಿಗೂ ಅದೇ. ಅಗೌರವ ಅಂತ ನಮ್ಮ ಮನೇಲಿ ಯಾರಿಗೂ ಅನಿಸಿಲ್ಲ. ಹಾಸ್ಟೆಲಲ್ಲಿ ಫೋನಲ್ಲಿ ಅಪ್ಪನ ಹತ್ರ ಹಾಗೆ ಮಾತಾಡಿದ್ದು ಕೇಳಿ ರೂಂಮೇಟು ‘ನಿಮ್ಮ ಮನೇಲಿ ದನ ಎಷ್ಟಿದೆ?’ ಅಂತ ಕೇಳಿದ್ಲು.

ನಿವೃತ್ತ ಅತ್ತೆ
ನಾನು ಸೊಸೆ ಇರೋ ಅತ್ತೇನೇ. ಇಲ್ಲಿ ಯಾರೂ ನಮ್ಮ ಕಡೆಯಿಂದ ಮಾತಾಡಲಿಲ್ಲ, ಅದಕ್ಕೆ ಬರೀತಿದ್ದೀನಿ.

‘ಅಮ್ಮ ಅನ್ನು’ ಅಂತ ನಾನೂ ನನ್ನ ಸೊಸೆಗೆ ಹೇಳಿದ್ದೆ. ಹೇಳುವಾಗ ಬಾ-ಬನ್ನಿ ಬಗ್ಗೆ ಯೋಚನೇನೇ ಮಾಡಿರಲಿಲ್ಲ. ಅವಳು ಅಡುಗೆಮನೇಲಿ ನಾವಿಬ್ಬರೇ ಇದ್ದಾಗ ‘ಅಮ್ಮ, ಉಪ್ಪು ನೋಡು’ ಅಂತಾಳೆ. ನನ್ನ ಓರಗಿತ್ತಿ, ನಾದಿನಿಯರು ಬಂದಾಗ ‘ಅಮ್ಮ, ಉಪ್ಪು ನೋಡಿ’ ಆಗುತ್ತೆ. ನಾನು ಹೇಳಿಕೊಟ್ಟದ್ದಲ್ಲ. ಮೊದಲ ಸಲ ಕೇಳಿದಾಗ ಏನಿದು ನಾಟಕ ಅನಿಸಿತ್ತು. ಆಮೇಲೆ ಗೊತ್ತಾಯ್ತು, ಅವಳು ನನ್ನ ಮರ್ಯಾದೆ ಕಾಯ್ತಿರೋದು ಅಂತ. ನನ್ನ ನಾದಿನಿ ಎದುರಿಗೆ ‘ನೋಡು’ ಅಂದಿದ್ರೆ ಮಾತು ಕೇಳ್ಬೇಕಾಗಿದ್ದದ್ದು ಅವಳಲ್ಲ, ನಾನು. ‘ಸೊಸೇನ ತಲೆ ಮೇಲೆ ಕೂರಿಸ್ಕೊಂಡಿದ್ದೀಯ’ ಅಂತ.

ಕಪಿಲೆ ದಂಡೆ ಅವರೇ, ಆ ಸೌಟು ಹಿಡಿದವರು ನಿಮ್ಮ ಅತ್ತೆಗೆ ಆಮೇಲೆ ಏನಾದ್ರೂ ಅಂದ್ರಾ ಅಂತ ಒಮ್ಮೆ ಕೇಳಿ ನೋಡಿ.

ಕಪಿಲೆ ದಂಡೆ
ಇದು ನನಗೆ ಹೊಳೆದೇ ಇರಲಿಲ್ಲ. ಕೇಳ್ತೀನಿ.

ಐದು ಗಂಟೆ ಲಾಗೌಟ್
ನನ್ನ ಸಮಸ್ಯೆನೂ ಇದೇ ಥರ. ಮ್ಯಾನೇಜರ್ ನನಗಿಂತ ಚಿಕ್ಕವನು, ನನ್ನನ್ನ ‘ನೀನು’ ಅಂತಾನೆ. ನಾನು ‘ನೀವು’ ಅನ್ಬೇಕಾ? ಎಚ್‌ಆರ್‌ಗೆ ಕಂಪ್ಲೇಂಟ್ ಕೊಡಬಹುದಾ?

ಮದ್ದೂರು ವಡೆ
ಇಲ್ಲಿ ಹಿರಿಯರ ಹತ್ರ ಹೇಗೆ ಮಾತಾಡೋದು ಅಂತ ನಡೀತಿದೆ ಗುರು. ನಿನ್ನ ಮ್ಯಾನೇಜರ್ ಇದನ್ನ ಓದಬೇಕು, ನೀನಲ್ಲ.

ಕೆಂಪು ಹಂಚು
ಹಿರಿಯರು ಅಂದ್ರೆ ಎಲ್ಲರೂ ಬರೀ ಅತ್ತೆ ಮಾವ ಅಂತ ಮಾತಾಡ್ತಿದ್ದೀರಲ್ಲ. ನಮ್ಮ ಅಪಾರ್ಟ್‌ಮೆಂಟಲ್ಲಿ ಮನೆಕೆಲಸಕ್ಕೆ ಬರೋ ಅಜ್ಜಿಗೆ ಮೊಮ್ಮಕ್ಕಳಿದ್ದಾರೆ. ಹತ್ತು ವರ್ಷದ ಮಕ್ಕಳು ‘ಏಯ್, ಇಲ್ಲಿ ನೀರು ಚೆಲ್ಲಿದೆ, ಒರೆಸು ಬಾ’ ಅಂತಾರೆ. ಅದೇ ಮಕ್ಕಳು ಲಿಫ್ಟಲ್ಲಿ ಸಿಕ್ಕ ಮೂವತ್ತರ ಆಂಟಿಗೆ ‘ನೀವು’. ಸೆಕ್ಯುರಿಟಿ ತಾತನಿಗೂ ‘ಗೇಟ್ ತೆಗಿ’. ವಯಸ್ಸು ನೋಡಿ ಮರ್ಯಾದೆ ಕೊಡ್ತೀವಿ ಅನ್ನೋದು ದೊಡ್ಡ ಸುಳ್ಳು. ಜಾತಿ, ಸಂಬಳ ನೋಡಿ ಕೊಡೋದು.

ಒಂದು ಬೈಟು ಕಾಫಿ
ಎಲ್ಲದಕ್ಕೂ ಜಾತಿ ತರಬೇಡಿ. ಮೇಲೆ ಮಂಡ್ಯದವರು ಹೇಳಿದ್ರಲ್ಲ, ಹಳ್ಳೀಲಿ ಎಲ್ಲರಿಗೂ ನೀನು ಅಂತ.

ಮದ್ದೂರು ವಡೆ
ಎಲ್ಲರಿಗೂ ಅಂದೆನಾ? ಅವ್ವ, ಅಪ್ಪ, ಅತ್ತೆ, ಮಾವ ಅಂದೆ. ‘ಅವ್ವ ಬಂದವ್ಳೆ’, ಆದ್ರೆ ‘ಗೌಡ್ರು ಬಂದವ್ರೆ’. ಹೊಲಕ್ಕೆ ಕೂಲಿಗೆ ಬರೋ ಮುದುಕನಿಗೆ ಗೌಡ್ರ ಮೊಮ್ಮಗ ‘ಬಾರೋ’ ಅಂತಿದ್ದ, ಆ ಮುದುಕ ಆ ಹುಡುಗನಿಗೆ ‘ಬುದ್ಧೀ’ ಅಂತಿದ್ದ. ನಾನು ಕಣ್ಣಾರೆ ಕಂಡಿದ್ದೀನಿ, ಹಳೇ ಕಾಲದ ಮಾತಲ್ಲ. ಮನೆಯವರಿಗೆ ‘ನೀನು’ ಅನ್ನೋದು ಸಲುಗೆ, ಕೂಲಿಯವರಿಗೆ ‘ನೀನು’ ಅನ್ನೋದು ಅದಲ್ಲ. ಗುರುತು ಹಿಡಿಯೋದು ಸುಲಭ: ಅವರು ತಿರುಗಿ ನಿಮಗೆ ‘ನೀನು’ ಅನ್ನಬಹುದಾ? ಅವ್ವ ಅಂತಾಳೆ. ಕೂಲಿಯವನು ಅಂದ್ರೆ?

ಕೆಂಪು ಹಂಚು
ಇದನ್ನೇ ಹೇಳೋಕೆ ಹೊರಟಿದ್ದೆ, ನನಗಿಂತ ಚೆನ್ನಾಗಿ ಹೇಳಿದ್ರಿ.

ಒಂದು ಬೈಟು ಕಾಫಿ
ನಮ್ಮನೆ ಕೆಲಸದವರಿಗೆ ‘ನೀವು’ ಅಂದ್ರೆ ಅವರಿಗೇ ಮುಜುಗರ. ‘ಹಂಗೆಲ್ಲ ಅನ್ಬೇಡಣ್ಣ’ ಅಂತಾರೆ.

ಕೆಂಪು ಹಂಚು
‘ಅಕ್ಕ, ಬನ್ನಿ’ ಅನ್ನಿ, ಒಂದು ವಾರ. ಮುಜುಗರ ಅವರಿಗೋ ನಿಮಗೋ ಗೊತ್ತಾಗುತ್ತೆ.

ಹಳೇ ಮೇಷ್ಟ್ರು
ಮದ್ದೂರು ವಡೆಯವರ ಪರೀಕ್ಷೆ ಚೆನ್ನಾಗಿದೆ, ಆದ್ರೆ ಒಂದು ಕಡೆ ಕೈಕೊಡುತ್ತೆ. ಮೊಮ್ಮಗ ಅಜ್ಜನಿಗೆ ‘ನೀವು’, ಅಜ್ಜ ಮೊಮ್ಮಗನಿಗೆ ‘ನೀನು’. ಇಲ್ಲೂ ತಿರುಗಿ ಅನ್ನೋ ಹಾಗಿಲ್ಲ, ಆದ್ರೂ ಇದನ್ನ ದಬ್ಬಾಳಿಕೆ ಅನ್ನೋಕಾಗಲ್ಲ. ವಯಸ್ಸಿನ ಏಣಿ, ಅಂತಸ್ತಿನ ಏಣಿ ಎರಡೂ ಇವೆ. ಮುದುಕ ಕೆಳಗೆ, ಹುಡುಗ ಮೇಲೆ ಇದ್ದಾಗ ಯಾವುದು ಗೆಲ್ಲುತ್ತೆ ಅನ್ನೋದನ್ನ ನೋಡ್ಬೇಕು.

ಬದ್ನಿಕಾಯಿ ಎಣಗಾಯಿ
ಏಣಿ ಅಂದ್ರಲ್ಲ ಮೇಷ್ಟ್ರ, ಅಳಿಯನ ಏಣಿ ಯಾವುದ್ರೀ? ಮಂಡ್ಯದಾಗ ನಮ್ಮ ಮಾವ, ಅರವತ್ತು ದಾಟ್ಯಾರ, ನನಗ ‘ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ’ ಅಂತಾರ. ಅದ ಮನಿಗೆ ಬಂದ ಅವರ ಸೊಸಿಗೆ, ನನ್ನ ವಯಸ್ಸಿನಾಕಿಗೇ, ‘ಏನಮ್ಮ, ಕಾಫಿ ತಾ’.

ನಿವೃತ್ತ ಅತ್ತೆ
ಅಳಿಯ ಮನೆಗೆ ಬಂದು ಹೋಗೋನು, ಸೊಸೆ ಮನೆಯವಳು. ಅದಕ್ಕೆ.

ಕೆಂಪು ಹಂಚು
ಮನೆಯವಳು ಅಂದ್ಮೇಲೆ ಅವಳು ‘ನೀನು’ ಅಂದ್ರೆ ಸೌಟು ಯಾಕೆ ನಿಲ್ಲಬೇಕು?

ನಿವೃತ್ತ ಅತ್ತೆ
ಒಳ್ಳೇ ಪ್ರಶ್ನೆ. ನನ್ನ ಹತ್ರ ಉತ್ತರ ಇಲ್ಲ.

ಮಲೆನಾಡ್ ಮಳೆ
ಗಂಡನ್ನ ‘ರೀ’ ಅಂತಿದ್ದ ಕಾಲ ಹೋಗಿ ‘ಏನೋ’ ಬಂತು. ಅತ್ತೆ ವಿಷಯಾನೂ ಹಾಗೇ ಆಗುತ್ತೆ ಬಿಡಿ.

ಒಂದು ಬೈಟು ಕಾಫಿ
ಗಂಡನ್ನ ‘ಏನೋ’ ಅನ್ನೋರೂ ಅವರಮ್ಮನ ಎದುರಿಗೆ ‘ಇವರು ಬಂದ್ರು’ ಅಂತಾರೆ. ಸುಮ್ನೆ ಗಮನಿಸಿ.

ಕಪಿಲೆ ದಂಡೆ
ಕೇಳಿದೆ. ಸೌಟಿನ ಅತ್ತೆ ಅವತ್ತೇ ಹೋಗುವಾಗ ಬಾಗಿಲ ಹತ್ರ ನಮ್ಮತ್ತೆಗೆ ‘ಹುಡುಗಿ ಚೆನ್ನಾಗಿದ್ದಾಳೆ, ಬಾಯಿ ಸ್ವಲ್ಪ ಬಿಗಿ ಮಾಡು’ ಅಂದಿದ್ರಂತೆ. ಇವರು ನನಗೆ ಹೇಳೇ ಇರಲಿಲ್ಲ. ‘ಅವರ ಮುಂದೆ ಬನ್ನಿ ಅನ್ನು, ಮಿಕ್ಕಿದ್ದು ನಿನ್ನಿಷ್ಟ’ ಅಂದ್ರು.

ಈಗ ಜನ ಇದ್ದಾಗ ‘ಅಮ್ಮ ಬನ್ನಿ’ ಬರ್ತಿದೆ. ಆದ್ರೆ ಇಬ್ಬರೇ ಇದ್ದಾಗಲೂ ‘ಬಾ’ ಬರ್ತಿಲ್ಲ, ವಿಚಿತ್ರ. ‘ನಿನ್ನಿಷ್ಟ’ ಅಂದ ಮೇಲೆ ಇನ್ನೂ ಕಷ್ಟ ಆಗಿದೆ. ‘ಸುಮ್ನಿರಮ್ಮ’ ಮಾತ್ರ ಒಂದು ಸಲ ತಾನಾಗೇ ಬಂತು, ಮೇಷ್ಟ್ರು ಹೇಳಿದ ಹಾಗೆ ಅವರು ಗಮನಿಸಲೂ ಇಲ್ಲ. ನಾದಿನಿ ಗಮನಿಸಿದ್ಲು.

ಕಡ್ಲೆಪುರಿ
ಆ ನಾದಿನಿಗೂ ಮದುವೆ ಆಗುತ್ತಲ್ಲ, ಆಗ ಈ ಲಿಂಕ್ ಕಳಿಸಿ.

ಬದ್ನಿಕಾಯಿ ಎಣಗಾಯಿ
ಹುಬ್ಬಳ್ಳಿಗೆ ಕೊಟ್ಟರ ಇನ್ನೂ ಚಲೋ. ಅಲ್ಲಿ ಹೋಗಿ ‘ಅತ್ತೆ, ಬನ್ನಿ, ಕೂತ್ಕೊಳ್ಳಿ’ ಅಂದ್ರ, ‘ಏನವಾ, ಭಾಷಣಾ ಮಾಡಾಕ್ಹತ್ತೀಯೇನು?’ ಅಂತಾರ.

ಐದು ಗಂಟೆ ಲಾಗೌಟ್
ನನ್ನ ಎಚ್‌ಆರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ.